ಒಡೆದ ಜಾಡಿಗೆ ಕಾಲಂ ಇಲ್ಲ

ನನ್ನ ಅತ್ತಿಗೆಗೆ ಕಳ್ಳಿ ಎಂಬ ಹೆಸರು ಬಂದದ್ದು ಮೂರು ಗಾಜಿನ ಜಾಡಿಗಳಿಂದ. ನಾವಿಬ್ಬರೂ ಒಂದೇ ಪಾತ್ರೆ ಅಂಗಡಿಯಲ್ಲಿದ್ದೆವು. ಅವಳು ಗಾಜಿನ ಸಾಮಾನಿನ ಕೌಂಟರಿನಲ್ಲಿ, ನಾನು ಹಿಂದೆ ಪ್ಯಾಕಿಂಗಿನಲ್ಲಿ. ಅಣ್ಣನನ್ನು ಮದುವೆಯಾಗಿ ಬಂದಾಗಿನಿಂದ ಅವಳದು ಅದೇ ಕೌಂಟರು. ಬಾಯಿ ಸ್ವಲ್ಪ ಜೋರು, ಕೈ ಮಾತ್ರ ಚೊಕ್ಕ. ಒಂದು ಮಾರಿದರೆ ರಟ್ಟಿನ ಮೇಲೆ ಒಂದು ಗೀಟು. ನಾಲ್ಕು ಗೀಟಿಗೆ ಅಡ್ಡಗೀಟು ಬಿದ್ದರೆ ಐದು. ಒಡೆದರೆ ಗೀಟಲ್ಲ, ಸೊನ್ನೆ. ಅಂಗಡಿಯ ಯಜಮಾನರಿಗೆ ಅಷ್ಟು ಸಾಕಾಗಿತ್ತು.

ಅವರ ಅಳಿಯ ದುಡ್ಡು ಹಾಕಿ ಅಂಗಡಿ ನೋಡಿಕೊಳ್ಳತೊಡಗಿದ ಮೇಲೆ ಅವನ ಕಣ್ಣಿಗೆ ರಟ್ಟು ಕಸವಾಯಿತು. ಮಹಾರಾಯ ಕಂಪ್ಯೂಟರಿನಲ್ಲಿ ನಾಲ್ಕು ಕಾಲಂ ಮಾಡಿದ: ಸಾಮಾನು, ಆರಂಭದ ದಾಸ್ತಾನು, ಮಾರಾಟ, ಉಳಿದ ದಾಸ್ತಾನು. ಆರಂಭದ್ದರಿಂದ ಮಾರಾಟ ಕಳೆದು ಕೊನೆಯ ಕಾಲಂ ತಾನೇ ತುಂಬಿಕೊಳ್ಳುತ್ತಿತ್ತು. ಆ ತಿಂಗಳು ಜಾಡಿಯ ಹೊಸ ಮಾಲು ಬಂದಿರಲಿಲ್ಲ. ಅತ್ತಿಗೆ ರಟ್ಟು ನೋಡಿ ಹೇಳಿದಳು, ಅವನು ಟೈಪ್ ಮಾಡಿದ: ಆರಂಭ ಅರವತ್ತು, ಮಾರಾಟ ನಲವತ್ತೊಂದು. ಉಳಿದದ್ದು ಹತ್ತೊಂಬತ್ತು ಎಂದಿತು ಕಂಪ್ಯೂಟರು. ಕಪಾಟಿನಲ್ಲಿದ್ದದ್ದು ಹದಿನಾರು.

"ಮೂರು ಒಡೆದುಹೋದ್ವು. ಸೊನ್ನೆ ಹಾಕಿದೀನಲ್ಲ," ಎಂದಳು ಅತ್ತಿಗೆ.

"ಸೊನ್ನೆಗೆ ಕಾಲಂ ಎಲ್ಲಿದೆ?" ಎಂದ ಅಳಿಯ.

"ಒಂದು ಮಾಡ್ಕೊಳ್ಳಿ. ಮಾರಾಟಕ್ಕೆ ಸೇರಿಸಿದ್ರೆ ಗಲ್ಲಾದಲ್ಲಿ ದುಡ್ಡು ಕಮ್ಮಿ ಬೀಳತ್ತೆ, ಬಿಟ್ರೆ ಕಪಾಟಲ್ಲಿ ಮಾಲು ಕಮ್ಮಿ. ನಾನೆಲ್ಲಿಗೆ ಹೋಗ್ಲಿ?"

"ಮನೆಗೆ ತಗೊಂಡು ಹೋಗಿ ಸೊನ್ನೆ ಹಾಕೋದು ಯಾರಿಗೆ ಬರಲ್ಲ?"

ಅತ್ತಿಗೆಯ ಮುಖ ಕಪ್ಪಿಟ್ಟಿತು. ಅವಳು ಯಜಮಾನರ ಕಡೆ ತಿರುಗಿದಳು. "ಹಲಗೆ ಜಾರಿ ಬಿದ್ದಾಗ ಗಾಜು ತುಂಬೋಕೆ ಚೀಲ ಹಿಡ್ಕೊಂಡಿದ್ದು ನೀವೇ. ಹೇಳಿ ಯಜಮಾನ್ರೆ."

ಯಜಮಾನರು ಅಳಿಯನ ಮುಖ ನೋಡಿದರು. "ನನಗೆ ನೆನಪಿಲ್ಲಮ್ಮ."

ಅವರಿಗೆ ಚೆನ್ನಾಗಿ ನೆನಪಿತ್ತು. ನಾನೂ ಅಲ್ಲೇ ಇದ್ದೆ, ನೋಡಿದೀನಿ ಎಂದೆ. "ನೀನು ಅವಳ ನಾದಿನಿ, ಇನ್ನೇನು ಹೇಳ್ತೀಯ?" ಎಂದ ಅಳಿಯ. ಅವತ್ತೇ ಅವಳನ್ನು ಕೆಲಸದಿಂದ ಬಿಡಿಸಿದರು. ಹತ್ತೊಂಬತ್ತನ್ನು ಹದಿನಾರಕ್ಕೆ ಇಳಿಸಿ, ಪಕ್ಕದಲ್ಲಿ 'ಕಳವು' ಎಂದು ಬರೆದರು.

ಅತ್ತಿಗೆ ಕೆಲಸ ಕೇಳಿಕೊಂಡು ಅಂಗಡಿ ಅಂಗಡಿ ಅಲೆದಳು. ಎಲ್ಲರೂ ವಿಚಾರಿಸುವುದು ನಮ್ಮ ಅಂಗಡಿಯವರನ್ನೇ. ಇವರು ಹೇಳುವುದು ಒಂದೇ ಮಾತು: ಕಳ್ಳಿ. ನಾನಾದರೂ ಅಲ್ಲಿನ ಕೆಲಸ ಬಿಟ್ಟೆನೇ? ಇಲ್ಲ. ಹೊಟ್ಟೆಪಾಡು, ಹಲ್ಲು ಕಚ್ಚಿಕೊಂಡು ಇದ್ದೆ.

ಮುಂದಿನ ತಿಂಗಳು ಅಳಿಯನ ಕೈಯಿಂದಲೇ ಗಾಜಿನ ಲೋಟಗಳ ಟ್ರೇ ಜಾರಿತು. ಸಂಜೆಗೆ ಐದನೇ ಕಾಲಂ ಬಂತು: ಒಡೆದದ್ದು. ಲೆಕ್ಕ ಸರಿಹೋಯಿತು, ಯಾರೂ ಕಳ್ಳರಾಗಲಿಲ್ಲ.

ಮನೆಗೆ ಹೋಗಿ ಹೇಳಿದರೆ ಅತ್ತಿಗೆ ಬೈಯಲಿಲ್ಲ. "ನನ್ನ ಮೂರನ್ನೂ ಅದರಲ್ಲಿ ಬರೆಸ್ತೀಯಾ?" ಎಂದಳು.

ಮಾರನೆಯ ದಿನ ಕೇಳಿದೆ. ಅಳಿಯ ತಲೆ ಎತ್ತಲಿಲ್ಲ. "ಆ ಹದಿನಾರೇ ಈ ತಿಂಗಳ ಆರಂಭ ಆಗಿದೆ. ಹಳೇ ತಿಂಗಳು ಮುಗೀತು, ಅದನ್ನ ಈಗ ಮುಟ್ಟೋ ಹಾಗಿಲ್ಲ."