ಊರಿನ ಹೆಸರಿಲ್ಲದ ಬೀಳ್ಕೊಡುಗೆ ಪತ್ರ

ಸಾರಕ್ಕಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು, ನಾನು 'ಹೆಚ್ಚುವರಿ' ಶಿಕ್ಷಕಿಯಾದೆ. ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಇದೇ ಊರಿನ ಶ್ರೀನಗರ ಬಡಾವಣೆಯ ಶಾಲೆ ಆರಿಸಿಕೊಂಡೆ. ಶಾಲಾ ವರ್ಷದ ಕೊನೆಯ ದಿನವೇ ಬಿಡುಗಡೆ.

ನನ್ನ ನಾಲ್ಕನೇ ತರಗತಿಗೆ ಒಂದು ಪತ್ರ ಬರೆದೆ. ಕೆಲವರು ಇನ್ನೂ ಒತ್ತಕ್ಷರಕ್ಕೆ ತಡವರಿಸುತ್ತಾರೆ, ಅದಕ್ಕೇ ದಪ್ಪ ಅಕ್ಷರ, ಚಿಕ್ಕ ಸಾಲು. ಒಬ್ಬೊಬ್ಬರಿಗೆ ಒಂದೊಂದು ಸಾಲು, ಹೆಸರು ಹಾಕದೆ; ಯಾರ ಸಾಲು ಯಾವುದು ಅಂತ ಅವರೇ ಕಂಡುಹಿಡಿಯಬೇಕು. ಕೊನೆಯಲ್ಲಿ ನಾನು ಹೋಗುವ ಶಾಲೆ ಎಲ್ಲಿದೆ ಅಂತ ಬರೆದಿದ್ದೆ.

ಹೆಡ್‌ಮೇಡಂ ಮೊದಲು ತಾವು ಓದಬೇಕು ಅಂದಾಗಲೇ ನನಗೆ ಅನುಮಾನ ಬಂತು. ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದೊಂದು ತೆಗೆದುಬಿಡಿ ಮೇಡಂ. ನಾಲ್ಕು ಜನ ಟಿಸಿ ತಗೊಂಡು ನಿಮ್ಮ ಹಿಂದೆ ಬಂದ್ರೆ, ಇಲ್ಲಿ ಇನ್ನೊಬ್ಬ ಟೀಚರೂ ಹೆಚ್ಚುವರಿಯಾಗಿ ಹೋಗ್ತಾರೆ. ನಂದೇನೂ ಸ್ವಾರ್ಥ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸ್ವಾರ್ಥದ ಮಾತು ಯಾರೂ ಎತ್ತಿರಲಿಲ್ಲ. ಮಕ್ಕಳು ನನ್ನನ್ನು ಹಚ್ಚಿಕೊಂಡಿದ್ದು ಇವರಿಗೆ ಹೊಟ್ಟೆಕಿಚ್ಚು, ಹೆಚ್ಚುವರಿ ಪಟ್ಟಿಗೆ ನನ್ನನ್ನು ತಳ್ಳಿದ್ದರಲ್ಲೂ ಇವರ ಕೈ ಇರಬಹುದು ಅಂತ ಲೆಕ್ಕ ಹಾಕಿದೆ. ಸಾಲನ್ನು ಅಳಿಸಿದೆ, ಸಿಟ್ಟನ್ನು ಮಾತ್ರ ಇಟ್ಟುಕೊಂಡೆ. ಕೇಳಿದವರಿಗೆ ಬಾಯಲ್ಲಿ ಹೇಳಿದರಾಯಿತು ಅಂದುಕೊಂಡೆ.

ಫಲಿತಾಂಶದ ದಿನ ತಂದೆ ತಾಯಿಯರೂ ಬಂದಿದ್ದರು. ಮಕ್ಕಳಿಗೆಲ್ಲ ಪತ್ರದ ಒಂದೊಂದು ಪ್ರತಿ ಕೊಟ್ಟು ಓದಿದೆ. "ಕೊನೆಯ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಿದ್ದವಳು ಈಗ ಎಲ್ಲರಿಗೂ ಕಥೆ ಓದಿ ಹೇಳುತ್ತಾಳೆ" ಅನ್ನುವ ಸಾಲು ಬಂದಾಗ ಎಲ್ಲರೂ ಒಬ್ಬಳ ಕಡೆಗೇ ತಿರುಗಿದರು. ಅವಳ ಅಮ್ಮ ರಾಯಚೂರು ಕಡೆಯವರು, ಬಿಟಿಎಂನ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಾರೆ.

ಎಲ್ಲ ಮುಗಿದ ಮೇಲೆ ಆಕೆ ಹತ್ತಿರ ಬಂದರು. "ಯಾವ ಶಾಲಿಗೆ ಹೊಂಟೀರಿ ಅಕ್ಕೋರ? ಬಸ್ ಹೆಂಗೂ ಫ್ರೀ ಐತಿ. ಇಕಿನ್ನ ಅಲ್ಲೇ ಹಾಕ್ತೀನಿ."

ಶ್ರೀನಗರ ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆಕೆಯ ಹಿಂದೆ ಇನ್ನೂ ಮೂವರು ತಾಯಂದಿರು ಕಿವಿಗೊಟ್ಟು ನಿಂತಿದ್ದರು. ಅವರಾಚೆ ಬೆಂಚುಗಳಲ್ಲಿ, ಎಲ್ಲಿಗೂ ಹೋಗಲಾರದ ಉಳಿದ ಮಕ್ಕಳು ಪತ್ರದಲ್ಲಿ ತಮ್ಮ ತಮ್ಮ ಸಾಲು ಹುಡುಕುತ್ತಿದ್ದರು. ಹೆಡ್‌ಮೇಡಂ ಹೇಳಿದ ನಾಲ್ಕು ಜನ ನನ್ನ ಎದುರಿಗೇ ಇದ್ದರು. ಹೆಡ್‌ಮೇಡಂ ಮಾತು ಸುಳ್ಳಲ್ಲ ಅಂತ ಆಗ ಗೊತ್ತಾಯಿತು, ಗೊತ್ತಾಗಿದ್ದಕ್ಕೆ ಸಂಕಟವೂ ಆಯಿತು.

ಇಲ್ಲೇ ಓದಲಿ, ಇಲ್ಲಿರುವ ಟೀಚರ್‌ಗಳು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂದೆ. ಯಾವ ಶಾಲೆ ಅನ್ನುವುದನ್ನು ಹೇಳಲಿಲ್ಲ.

ಆಕೆ ನನ್ನನ್ನೇ ನೋಡಿದರು. ಇಷ್ಟು ದಿನ ನಾನು ಹೆಡ್‌ಮೇಡಂ ಅವರನ್ನು ನೋಡುತ್ತಿದ್ದ ನೋಟ ಅದೇ.

"ನಮ್ಮಂಥೋರ ಮಕ್ಕಳು ಅಲ್ಲಿಗೆ ಬರೂದು ಬ್ಯಾಡ ಅಂತೀರೇನು?"

ಅಲ್ಲ ಅಂತ ತಲೆ ಅಲ್ಲಾಡಿಸಿದೆ. ಆಕೆ ನಂಬಲಿಲ್ಲ. ಮಗಳ ಕೈಯಲ್ಲಿದ್ದ ಪತ್ರವನ್ನು ತೆಗೆದು ಬೆಂಚಿನ ಮೇಲಿಟ್ಟು, ಅವಳನ್ನು ಕರೆದುಕೊಂಡು ಹೋದರು.