ಒಂದು ಇಂಚು ಕಾರ್ಕ್

ಮದರಾಸಿನ ಸೆಖೆಯ ಬಗ್ಗೆ ಯಾರಾದರೂ ನನ್ನೆದುರು ಮಾತೆತ್ತಿದರೆ ನನಗೆ ನಗು ಬರುತ್ತದೆ. ನೀವು ಕಂಡದ್ದು ಬೀದಿಯ ಸೆಖೆ, ಸ್ವಾಮಿ. ಬೇಡವೆಂದರೆ ನೆರಳಿಗೆ ಸರಿಯಬಹುದಾದ ಸೆಖೆ. ನಾನು ಉಂಡದ್ದು ಹೋಟೆಲಿನ ಅಡುಗೆಮನೆಯ ಮೇಲೆ, ಆಸ್ಬೆಸ್ಟಾಸ್ ಶೀಟಿನ ಕೆಳಗೆ, ಎರಡು ಕೋಣೆಗಳ ಸೆಖೆ.

ಐವತ್ತರ ದಶಕದ ಕೊನೆಯ ಮಾತು. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದವಳು ನಾನು. ಗಂಡನ ಹೋಟೆಲು ಜಾರ್ಜ್‌ಟೌನಿನಲ್ಲಿ, ನಮ್ಮ ಬಿಡಾರ ಅದರ ನೆತ್ತಿಯ ಮೇಲೆ. ಇದ್ದ ಒಂದೇ ಮೆಟ್ಟಿಲು ನೇರ ಅಡುಗೆಮನೆಗೆ ಇಳಿಯುತ್ತಿತ್ತು. ಅಲ್ಲಿ ಬರಿಮೈಯಲ್ಲಿ ಹಿಟ್ಟು ರುಬ್ಬುವ ಗಂಡಸರು, ಅದರಾಚೆ ಗಿರಾಕಿಗಳು. ಹೋಟೆಲು ಮುಚ್ಚುವ ತನಕ ಮನೆಯ ಹೆಂಗಸು ಕೆಳಗೆ ಕಾಲಿಡುವ ಹಾಗಿಲ್ಲ. ಊಟ ಮೇಲೆ ಬರುತ್ತಿತ್ತು, ಎಂಜಲು ತಟ್ಟೆ ಕೆಳಗೆ ಹೋಗುತ್ತಿತ್ತು. ನಾನು ಮಾತ್ರ ಇದ್ದಲ್ಲೇ ಇರುತ್ತಿದ್ದೆ. ಮಧ್ಯಾಹ್ನ ಶೀಟು ಕಾದು ನೆತ್ತಿ ಸುಡುತ್ತಿತ್ತು, ಕೆಳಗಿನ ಒಲೆಗಳಿಂದ ಅಂಗಾಲು ಸುಡುತ್ತಿತ್ತು. ಪುಟ್ಟ ಮಗಳ ಮೈತುಂಬ ಬೆವರುಸಾಲೆ. ಅವಳು ಅಳುವಳು, ನಾನು ಬೀಸಣಿಗೆ ಬೀಸುತ್ತ ಅಳುವೆ.

ನನಗೆ ಮದರಾಸಿನ ಇನ್ನೊಂದು ಬದಿಯ ಮಾಂಬಲದಲ್ಲಿ ಒಂದು ಬಾಡಿಗೆ ಮನೆ ಬೇಕಿತ್ತು. ಸಂಬಂಧಿಕರೊಬ್ಬರು ಅಲ್ಲಿದ್ದರು, ಒಮ್ಮೆ ಹೋಗಿ ನೋಡಿದ್ದೆ. ಹಂಚಿನ ಮನೆ, ಹಿತ್ತಲಲ್ಲಿ ಬಾವಿ. ಅದೆಲ್ಲ ಇರಲಿ, ಎದುರು ಬಾಗಿಲು ತೆಗೆದರೆ ಬೀದಿ! ಯಾರನ್ನೂ ಕೇಳದೆ ಹೊಸಿಲು ದಾಟಿ ಜಗಲಿಯಲ್ಲಿ ಕೂತುಕೊಳ್ಳಬಹುದು. ಆ ಬಾಗಿಲು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆದರೆ ಗಂಡನ ಹತ್ತಿರ ಬಾಗಿಲಿನ ಮಾತು ನಡೆಯುವುದಿಲ್ಲ, ಸೆಖೆಯ ಮಾತು ನಡೆಯುತ್ತದೆ. ದಿನಾ ಸೆಖೆ ಸೆಖೆ ಎಂದು ಅವರ ಕಿವಿ ತಿಂದೆ.

"ಸೆಖೆ ಅಂತ ಯಾರಾದ್ರೂ ಬಿಡಾರ ಬಿಡ್ತಾರಾ ಮಾರಾಯ್ತಿ? ಮಾಡಿನ ಶೀಟಿನ ಕೆಳಗೆ ಎಂತಾದ್ರೂ ಹಾಕಿಸುವ. ಅದಕ್ಕೆ ದುಡ್ಡು ತೆಗೆದಿಟ್ಟಿದ್ದೇನೆ," ಎಂದರು.

"ಹಾಕಿ ಉಳಿದದ್ದು ಮಾಂಬಲದ ಮನೆಯ ಮುಂಗಡಕ್ಕೆ. ಮಾತು ಕೊಡಿ."

"ಆಯ್ತು, ಉಳಿದ್ರೆ ಅಲ್ವಾ!" ಎಂದು ನಕ್ಕರು.

ಉಳಿಯುವುದಿಲ್ಲ ಎಂದು ಅವರಿಗೆ ಧೈರ್ಯ. ಉಳಿಸಿಯೇ ಸೈ ಎಂದು ನನಗೆ ಹಟ. ಈ ಬೇಸಿಗೆ ಮಗು ಉಸಿರಾಡಲಿ, ಮುಂದಿನ ಬೇಸಿಗೆಗೆ ನಾವು ಮಾಂಬಲದಲ್ಲಿ. ಇದು ನನ್ನ ಲೆಕ್ಕ.

ಹಾರ್ಬರಿನ ಹತ್ತಿರ ಹಣ್ಣಿನ ಶೀತಲ ಕೋಣೆಗಳಿಗೆ ಸೆಖೆ ಒಳಗೆ ಬಿಡದ ಕಾರ್ಕ್ ಹಲಗೆ ಬಡಿಯುವ ತಮಿಳು ಗುತ್ತಿಗೆದಾರರೊಬ್ಬರು ಬಂದರು. ಒಂದು ಇಂಚು, ಎರಡು ಇಂಚು, ನಾಲ್ಕು ಇಂಚಿನ ತುಂಡುಗಳನ್ನು ಚಾಪೆಯ ಮೇಲೆ ಹರಡಿ, "ನಾಲು ಇಂಚು ಪೋಡುಂಗೋ ಅಮ್ಮಾ, ಆಪಲ್ ಹಣ್ಣಿಗೆ ಅದೇ ಹಾಕೋದು," ಎಂದರು. ನನ್ನ ಗಂಡನಿಗೆ ಅಷ್ಟೇ ಸಾಕಾಯಿತು. "ಆಪಲಿಗೆ ನಾಲ್ಕಾದ್ರೆ ನನ್ನ ಹೆಂಡತಿಗೆ ಕಮ್ಮಿಯಾ? ನಾಲ್ಕೇ ಹಾಕಿ!" ಅವರ ಉದಾರತನ ಯಾವಾಗಲೂ ಮೂರನೆಯವರ ಎದುರಿಗೆ. ನಾಲ್ಕು ಇಂಚು ಹಾಕಿದರೆ ತೆಗೆದಿಟ್ಟ ದುಡ್ಡು ಪೂರ್ತಿ ಮುಗಿಯುತ್ತಿತ್ತು. ನಾನು ಎರಡು ದಿನ ಕೊಡಿ ಎಂದೆ.

ಕೆಳಗಿನಿಂದ ಐಸ್ ತರಿಸಿದೆ. ಒಂದೇ ಅಳತೆಯ ನಾಲ್ಕು ಕಾಫಿಪುಡಿ ಡಬ್ಬಿಗಳಲ್ಲಿ ಸಮ ತೂಕದ ಐಸ್ ತುಂಬಿದೆ. ಒಂದನ್ನು ಬರಿದೇ ಬಿಟ್ಟೆ. ಒಂದಕ್ಕೆ ಹಳೆ ಕೌದಿಯ ಒಂದು ಸುತ್ತು, ಇನ್ನೊಂದಕ್ಕೆ ಎರಡು, ಕೊನೆಯದಕ್ಕೆ ನಾಲ್ಕು. ಅಡಿ, ಮುಚ್ಚಳ ಎಲ್ಲ ಸೇರಿಸಿ ಸುತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ನಾಲ್ಕರ ನೀರನ್ನೂ ಲೋಟಗಳಿಗೆ ಬಗ್ಗಿಸಿದೆ. ಬರಿ ಡಬ್ಬಿಯದು ಲೋಟದ ತುಂಬ ನೀರು. ಒಂದು ಸುತ್ತಿನದು ಎಷ್ಟೋ ಕೆಳಗಿಳಿದಿತ್ತು. ಎರಡು ಸುತ್ತಿನದು ಇನ್ನೊಂದಿಷ್ಟು ಕಡಿಮೆ. ನಾಲ್ಕು ಸುತ್ತಿನದಕ್ಕೂ ಎರಡಕ್ಕೂ ಇದ್ದ ವ್ಯತ್ಯಾಸ ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು. ಅಯ್ಯೋ, ಕೌದಿ ಎರಡು ಪಟ್ಟು, ಫಲ ಬೆರಳಿನಷ್ಟೂ ಇಲ್ಲ!

ಗುತ್ತಿಗೆದಾರರು ಮತ್ತೆ ಬಂದಾಗ ಲೋಟದ ಕಥೆ ಹೇಳಿದೆ. ಪಾಪ, ಸುಳ್ಳು ಹೇಳುವ ಮನುಷ್ಯ ಅಲ್ಲ. ಒಪ್ಪಿಕೊಂಡು ಲೆಕ್ಕ ಬಿಡಿಸಿ ಹೇಳಿದರು. ಬರಿ ಶೀಟಿನಿಂದ ಹದಿನಾರಾಣೆ ಸೆಖೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ, ಒಂದು ಇಂಚು ಬಡಿದರೆ ಸುಮಾರು ನಾಲ್ಕಾಣೆಗೆ ಬರುತ್ತದೆ. ಎರಡು ಇಂಚಿಗೆ ಎರಡೂಕಾಲು, ಮೂರಕ್ಕೆ ಒಂದೂವರೆ, ನಾಲ್ಕಕ್ಕೆ ಒಂದೂಕಾಲು. ಮೊದಲ ಇಂಚು ಹನ್ನೆರಡಾಣೆ ತಡೆದರೆ ನಾಲ್ಕನೆಯದು ಕಾಲಾಣೆ. ಹಲಗೆಯ ಬೆಲೆ ಮಾತ್ರ ಪ್ರತಿ ಇಂಚಿಗೂ ಅಷ್ಟೇ. "ಆದರೆ ಮರದ ಪಟ್ಟಿ ಹೊಡೆದು ಹಲಗೆ ಕೂರಿಸೋ ಕೂಲಿ ಒಂದಕ್ಕೂ ನಾಲ್ಕಕ್ಕೂ ಹೆಚ್ಚು ಕಡಿಮೆ ಒಂದೇ ಅಮ್ಮಾ, ಅದಕ್ಕೇ ದಪ್ಪ ಹಾಕಿ ಅನ್ನೋದು," ಎಂದರು. ಅದೂ ನಿಜ.

"ಹಾಗಾದ್ರೆ ಆಪಲಿಗೆ ಯಾಕೆ ನಾಲ್ಕು?" ಎಂದು ಕೇಳಿದೆ.

"ಅಲ್ಲಿ ಮೆಷಿನ್ ಹಗಲೂ ರಾತ್ರಿ ಓಡುತ್ತಲ್ಲ. ಒಳಗೆ ನುಗ್ಗೋ ಕಾಲಾಣೆ ಸೆಖೆಗೂ ವರ್ಷವಿಡೀ ಕರೆಂಟಿನ ಬಿಲ್ಲು. ಕಾರ್ಕಿನ ದುಡ್ಡು ಅಲ್ಲಿ ವಾಪಸ್ ಬರುತ್ತೆ."

"ಇಲ್ಲಿ ಮೆಷಿನ್ ನಾನು. ನನ್ನ ಬೀಸಣಿಗೆಗೆ ಬಿಲ್ಲು ಬರುದಿಲ್ಲ," ಎಂದೆ. ಅವರು ನಕ್ಕುಬಿಟ್ಟರು. ಗಂಡ ನಗಲಿಲ್ಲ.

ಅಲ್ಲದೆ ಛಾವಣಿಗೆ ಎಷ್ಟು ದಪ್ಪ ಹೊದೆಸಿದರೂ ಕೆಳಗಿನ ಒಲೆಯ ಕಾವು ನೆಲದಿಂದ ಬರುವುದು ಬಂದೇ ಬರುತ್ತದೆ, ಪಡುವಣ ಗೋಡೆ ಸಂಜೆ ಕಾಯುವುದು ಕಾದೇ ಕಾಯುತ್ತದೆ. ಮಾಡಿನ ಕಾಲಾಣೆ ಹಿಡಿಯಲು ದುಡ್ಡು ಸುರಿದು ಗೋಡೆಯನ್ನು ಮರೆತರೆ ಏನು ಬಂತು? ಹಾಗಾಗಿ ಎರಡೂ ಕೋಣೆಗೆ ಒಂದೇ ಇಂಚು ಕಾರ್ಕ್. ಶೀಟಿನ ಮೇಲೆ ದಪ್ಪಗೆ ಸುಣ್ಣ. ಪಡುವಣ ಗೋಡೆಯ ಹೊರಗೆ ಹೆಣೆದ ತೆಂಗಿನ ಗರಿಯ ತಟ್ಟಿ. ಇಷ್ಟೂ ಮಾಡಿಸಿ ಅರ್ಧಕ್ಕಿಂತ ಹೆಚ್ಚು ದುಡ್ಡು ಉಳಿಯಿತು. ನನಗಾದ ಸಂತೋಷಕ್ಕೆ ಮಗಳನ್ನು ಎತ್ತಿಕೊಂಡು ಕುಣಿದೆ. ಮಾಂಬಲದ ಮನೆಯಲ್ಲಿ ತೊಟ್ಟಿಲು ಎಲ್ಲಿ ಕಟ್ಟುವುದು ಎಂದು ಕೂಡ ಯೋಚಿಸಿಟ್ಟೆ.

ಕೆಲಸ ಮುಗಿದ ಮೇಲೆ, ಉರಿಯುವ ಒಂದು ಮಧ್ಯಾಹ್ನ, ಗಂಡ ಮೇಲೆ ಬಂದರು. ಮದುವೆಯಾದ ಮೇಲೆ ಆ ಹೊತ್ತಿನಲ್ಲಿ ಅವರು ಮೇಲೆ ಬಂದದ್ದೇ ಇಲ್ಲ. ಗಲ್ಲಾದ ಹಿಂದೆ ಫ್ಯಾನಿನಡಿ ಕೂತಿರುತ್ತಿದ್ದರು. ಚಾಪೆ ಹಾಸಿ ಮಲಗಿದರು. ಕಣ್ಣುಮುಚ್ಚುವಷ್ಟರಲ್ಲಿ ಗೊರಕೆ. ಮಗಳೂ ಅವರ ಪಕ್ಕದಲ್ಲಿ ತಣ್ಣಗೆ ನಿದ್ದೆ ಹೋದಳು. ಎದ್ದವರೇ ಮೈಮುರಿದು, "ಸ್ವರ್ಗ ಮಾರಾಯ್ತಿ! ನೀನು ಭಾರೀ ಹುಷಾರಿ. ಇನ್ನು ಮಾಂಬಲ ಎಂತಕ್ಕೆ?" ಎಂದರು.

ನನಗೆ ಮೊದಲು ತಮಾಷೆ ಎಂದೇ ಅನಿಸಿತು.

"ಮಾತು ಕೊಟ್ಟಿದ್ದೀರಿ," ಎಂದೆ.

"ಕೊಟ್ಟಿದ್ದೆ, ಇಲ್ಲ ಅಂತ ಹೇಳ್ತೇನಾ? ಸೆಖೆ ಅಂತ ನೀನು ಕೇಳಿದಿ, ನಾನು ಮಾತು ಕೊಟ್ಟೆ. ಈಗ ಸೆಖೆ ಎಲ್ಲುಂಟು? ಆ ದುಡ್ಡಲ್ಲಿ ಕೆಳಗೆ ಒಂದು ಫ್ರಿಡ್ಜ್ ಬರ್ತದೆ."

ಒಳಗಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಹಾಳಾದ ಮೊದಲ ಇಂಚು! ಹನ್ನೆರಡಾಣೆ ತಡೆಯುತ್ತದೆ ಎಂದು ನಾನೇ ಲೋಟ ಹಿಡಿದು ತೋರಿಸಿದೆನಲ್ಲ. ಒಲೆಯ ಕಾವು ಇನ್ನೂ ಇತ್ತು, ನಿಜ. ಆದರೆ ತಡೆದುಕೊಳ್ಳಬಹುದಾದಷ್ಟು ಇತ್ತು. ತಡೆದುಕೊಳ್ಳಬಹುದಾದ್ದನ್ನು ಯಾರು ದೂರು ಎಂದು ಕೇಳುತ್ತಾರೆ?

ಅವರು ಬಾಗಿಲಿಗೆ ಬಂದು ನಿಂತರು. ಕೆಟ್ಟವರಲ್ಲ ಅವರು, ನಿಜವಾಗಿ ಅರ್ಥವಾಗದೆ ಕೇಳಿದರು. "ಎಂತಕ್ಕೆ ಅಳುದು? ಈಗ ತಂಪುಂಟಲ್ಲ?"

ತಂಪಿತ್ತು. ಆ ಮನೆಯಲ್ಲಿ ಬಾಯಿಬಿಟ್ಟು ಹೇಳಬಹುದಾಗಿದ್ದ ನನ್ನ ಒಂದೇ ಒಂದು ಕಷ್ಟ ಸೆಖೆ. ಅದನ್ನೂ ನಾನೇ ಮುಗಿಸಿದ್ದೆ. ಕಣ್ಣೊರಸಿಕೊಂಡು, "ಏನಿಲ್ಲ," ಎಂದೆ. ಅವರು ಮೆಟ್ಟಿಲಿಳಿದು ಹೋದರು.