ಇಲ್ಲದ ಮಷೀನು ನಮ್ಮ ಮನಿಗೆ ಬಂದದ್ದು

ನಾ ಹತ್ತನೇತ್ತಾ ಪಾಸ್ ಆದದ್ದು ಮೂವತ್ತೆಂಟನೇ ವಯಸ್ಸಿಗೆ. ಈಗ ಮುಂಬೈ ಫೋರ್ಟಿನ ಒಂದು ವಕೀಲರ ಆಫೀಸಿನಾಗ ಫೈಲು ಹುಡುಕಿ ಕೊಡೂ ಕೆಲಸ ಮಾಡ್ಕೋತ, ಮನ್ಯಾಗ ಕುಂತು ಬಿ.ಎ. ಓದಾಕತ್ತೇನಿ. ತಿಂಗಳಿಗೆ ಎರಡು ರವಿವಾರ ಸಯನ್‌ನ್ಯಾಗ ಕ್ಲಾಸ್ ಇರ್ತಾವ. ತತ್ವಶಾಸ್ತ್ರ ತಗೊಂಡೇನಿ. ಯಾಕ ಅಂತ ಕೇಳಿದ್ರ, ಫಾರ್ಮ್ ತುಂಬೂ ಹೊತ್ತಿಗೆ ಇತಿಹಾಸದ ಸೀಟು ಮುಗದಿದ್ವು.

ಕ್ಲಾಸ್ ತಗೊಳ್ಳೂ ಮೇಡಂ ರಿಟೈರ್ ಆದವರು. ಮರಾಠಿಯೊಳಗ ಹೇಳ್ತಾರ. ಒಂದು ರವಿವಾರ ಬಂದವರ ಪುಸ್ತಕಾನ ತಗೀಲಿಲ್ಲ. "ಒಂದು ಮಷೀನು ಐತಿ ಅಂತ ತಿಳ್ಕೊಳ್ರಿ" ಅಂದ್ರು. "ಒಬ್ಬ ಹುಡುಗ, ಒಬ್ಬಾಕಿ ಹುಡುಗಿ. ಇಬ್ಬರೂ ಅದರ ಮುಂದ ಕುಂತು ರಕ್ತ ಕೊಡಬೇಕು, ಕೇಳಿದ್ದಕ್ಕೆಲ್ಲ ಖರೇ ಹೇಳಬೇಕು. ಅದು ಒಂದು ಚೀಟಿ ಕೊಡತೈತಿ. ಹೊಂದತೈತಿ, ಇಲ್ಲಾ ಹೊಂದೂದಿಲ್ಲ. ಅದು ಎಂದೂ ತಪ್ಪೂದಿಲ್ಲ. ಹಂತಾ ಮಷೀನು ಊರ ತುಂಬ ಬಂದ್ರ, ಮಂದಿ ತಮ್ಮ ಮನಸಿಗೆ ಬಂದಂಗ ಪ್ರೀತಿ ಮಾಡ್ತಾರೋ ಇಲ್ಲೋ?"

ಹೊಂದೂದು ಅಂದ್ರ ಏನು ಅಂತ ಮೊದಲು ನಾನ ಕೇಳಿದೆ. ಜಗಳ ಆಗದಿರೂದೋ, ಬಾಳ ವರ್ಷ ಕೂಡಿ ಇರೂದೋ? ಮೇಡಂಗೆ ಖುಷಿ ಆತು. "ಅದನ್ನ ಮೊದಲು ಗಟ್ಟಿ ಮಾಡ್ಕೋಬೇಕು. ಹಿಂಗ ಇಟಗೊಳ್ಳೂಣು. ಇವರು ಕೂಡಿ ಬಾಳಿದ್ರ, ಮುಪ್ಪಿನ ಕಾಲಕ್ಕ ಇಬ್ಬರೂ 'ಚಲೋ ಆತು' ಅಂತ ಮನಸಿನಿಂದ ಅಂತಾರೋ ಇಲ್ಲೋ, ಅಷ್ಟ ಹೇಳತೈತಿ."

ಚೀಟಿ 'ಇಲ್ಲ' ಅಂದಮ್ಯಾಲೂ ಜಿದ್ದಿಗೆ ಬಿದ್ದು ಚಲೋತ್ನಂಗ ಬಾಳಿದ್ರ ಅಂತ ಕೇಳಿದೆ. ಆ ಜಿದ್ದೂ ಮಷೀನಿನ ಲೆಕ್ಕದಾಗ ಐತಿ ಅಂದ್ರು. ಚೀಟಿ ಓದಿದ್ದರಿಂದ ಆಗೂ ಬದಲಾವಣೆನೂ ಐತಿ. ಹಂಗಿದ್ರ ಅದ ನಮ್ಮ ಕೈ ಹಿಡದು ನಡಸ್ದಂಗ ಆತಲ್ಲ ಅಂದೆ. "ನೀವು ಹನ್ನೊಂದಕ್ಕ ಚಾ ಕುಡೀತೀರಿ ಅಂತ ನನಗ ಗೊತ್ತೈತಿ. ಹಂಗಂತ ಕುಡಿಸಿದಾಕಿ ನಾನೇನು?" ಅಂದ್ರು. ಗೊತ್ತಿರೂದು ಬ್ಯಾರೆ, ಮಾಡಸೂದು ಬ್ಯಾರೆ. ಇದು ನನಗ ತಲಿಗೆ ಹೋಗಾಕ ಎರಡು ದಿನ ಹಿಡೀತು.

ಆಮ್ಯಾಲೆ ಮೇಡಂ ತಾವ ಒಂದು ಗಂಟು ಹಾಕಿದ್ರು. ಒಂದು ಹಟಮಾರಿ ಜೋಡಿ ಐತಿ. 'ಹೊಂದತೈತಿ' ಅಂತ ಓದಿದ್ರ, ಹೆಂಗೂ ಹೊಂದತೈತಲ್ಲ ಅಂತ ಸಡ್ಲ ಬಿಟ್ಟು ಸಂಸಾರ ಕೆಡಸ್ತಾರ. 'ಹೊಂದೂದಿಲ್ಲ' ಅಂತ ಓದಿದ್ರ, ಮಷೀನಿಗೆ ತೋರಸ್ತೀವಿ ಅಂತ ಬಂಗಾರದಂಗ ಬಾಳ್ತಾರ. ಹಂತವರ ಕೈಯಾಗ ಯಾವ ಚೀಟಿ ಕೊಟ್ರೂ ಸುಳ್ಳಾಗತೈತಿ. "ಹಂಗಾರ ಅವರಿಗೆ ಖಾಲಿ ಚೀಟಿ ಕೊಡಬೇಕು" ಅಂತ ನಾ ಅಂದೆ. ಇಡೀ ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. "ಬರೋಬರಿ" ಅಂದ್ರು. ನನ್ನ ಜೀವನದಾಗ ಮಾಸ್ತರರು ನನಗ ಹಂಗ ಅಂದದ್ದು ಅದ ಮೊದಲು. ನಮ್ಮ ಮನಿ ಇರೂ ಮುಲುಂಡ್ ಮುಟ್ಟೂತನಕ ಲೋಕಲ್‌ನ್ಯಾಗ ಅದನ್ನ ಚಪ್ಪರಿಸ್ಕೋತ ಬಂದೆ.

ಅದ ಹಿಗ್ಗಿನ್ಯಾಗ ನಾ ತಪ್ಪು ಮಾಡಿದೆ.

ನಮಗ ಒಬ್ಬಾಕಿ ಮಗಳು. ರಕ್ತ ತಪಾಸಣಿ ಮಾಡೂ ಲ್ಯಾಬಿನ್ಯಾಗ ಕೆಲಸ. ಆಕಿ ಒಬ್ಬ ಮರಾಠಿ ಹುಡುಗನ್ನ ಮೆಚ್ಚಿದ್ಲು, ಎರಡು ವರ್ಷ ಆಗಿತ್ತು. ಎಸಿ ರಿಪೇರಿ ಮಾಡೂ ಹುಡುಗ, ತಣ್ಣಗ ಮಾತಾಡ್ತಾನ. ನನಗ ಒಪ್ಪಿಗಿ ಇತ್ತು. ನನ್ನ ಹೆಂಡತಿಗೂ ಹುಡುಗ ಬ್ಯಾಡ ಅಂತಿರಲಿಲ್ಲ, ಆದ್ರ ಹೆಸರುಬಲ ನೋಡಬೇಕು ಅಂತ ಕುಂತಿದ್ಲು. ನಮ್ಮ ಕಡೆ ಹುಟ್ಟಿದ ವ್ಯಾಳ್ಯಾ ಬರದಿಡದ ಮನಿಗಳೇ ಜಾಸ್ತಿ. ಜಾತಕ ಇಲ್ಲದವರಿಗೆ ಹೆಸರಿನ ಮೊದಲ ಅಕ್ಷರ ಹಿಡದು ಕೂಡತೈತೋ ಇಲ್ಲೋ ನೋಡ್ತಾರ. ನೋಡಿಸಿದ್ರ, ಇವರಿಬ್ಬರದೂ ಕೂಡಲಿಲ್ಲ.

ಹುಡುಗ ಮೊದಲ ಸಲ ಊಟಕ್ಕ ಬರೂ ರವಿವಾರ ಗೊತ್ತಾತು. ನಾ ಏನು ವಿಚಾರ ಮಾಡಿದೆ ಅಂದ್ರ, ಮೇಡಂರ ಮಷೀನಿನ ಮಾತು ತಗದು ಹೆಂಡತಿ ಬಾಯಿ ಮುಚ್ಚಸೂಣು. ತಪ್ಪದ ಮಷೀನು ಬಂದ್ರೂ ಕಡೀಕ ಮನಷ್ಯಾನ ಹೂಂ ಅನ್ನಬೇಕು, ಇನ್ನ ಅಕ್ಷರ ಕೂಡಸೂದು ಯಾವ ಲೆಕ್ಕ?

ಹುಡುಗ ಬಂದ. ಹೆಂಡತಿ ಜೋಳದ ರೊಟ್ಟಿ, ಎಣ್ಣಿಗಾಯಿ ಮಾಡಿದ್ಲು. ಖಾರಕ್ಕ ಅವನ ಕಣ್ಣಾಗ ನೀರು ಬಂದ್ರೂ "ಮಸ್ತ್ ಆಗೈತಿ ಕಾಕೂ" ಅಂತ ಇನ್ನೊಂದು ಹಾಕಸ್ಕೊಂಡ. ಆವಾಗ ನಾ ಮಷೀನಿನ ಕತಿ ಹೇಳಿದೆ, ಅವನಿಗೆ ತಿಳೀಲಿ ಅಂತ ಹಿಂದಿಯೊಳಗ. ಹೇಳಿ, ಮಗಳ ಕಡೆ ನೋಡಿ ಕೇಳಿದೆ, "ನೀ ಹೋಗ್ತಿದ್ದೇನವಾ ಆ ಮಷೀನಿನ ಮುಂದ?"

ಹೋಗೂದಿಲ್ಲ ಅಂತಾಳ ಅಂತ ನಾ ಖಾತ್ರಿ ಇದ್ದೆ.

"ಹೋಗ್ತೀನಿ ನಾ ಪಪ್ಪಾ" ಅಂದ್ಲು. "ಕಲ್ ಕೆ ಕಲ್, ನಾಳೆನೇ. ಲ್ಯಾಬಿಗೆ ಡೇಲಿ ನೋಡ್ತೀನಿ ನಾ. ಟೆಸ್ಟ್ ಮಾಡಸ್ದೆ ಹೆದರಿ ಕುಂತವರ ರಿಪೋರ್ಟ್ ಆಮೇಲೆ ಭಾಳ ಖರಾಬ್ ಬರ್ತದೆ."

ಹುಡುಗ ತಾಟಿನಾಗ ಬೆರಳು ಆಡಿಸ್ಕೋತ, "ನಾ ಹೋಗೂದಿಲ್ಲ" ಅಂತ ಹಿಂದಿಯೊಳಗ ಅಂದ.

"ಕ್ಯೂಂ?" ಅಂದ್ಲು ಮಗಳು.

"ಅದು ಹೂಂ ಅಂದ್ರ, ಆಮ್ಯಾಲೆ ನಾ ನಿನ್ನ ಸಲುವಾಗಿ ಏನು ಮಾಡಿದ್ರೂ ಅದು ಮಷೀನು ಹೇಳಿದ್ದು ಅಂತ ಆಗತೈತಿ. ನನ್ನದು ಅಂತ ಏನು ಉಳೀತು?"

"ಔರ್ ಇಲ್ಲ ಅಂದ್ರೆ?"

ಅವ ನೀರಿನ ಲೋಟ ಎತ್ತಿ ಕುಡದ. ಮಗಳು ಅವನ ಮಾರಿನ ನೋಡಾಕತ್ತಿದ್ಲು. "ಇಲ್ಲ ಅಂತ ಬರ್ತದೆ ಅಂತ ನಿನಗೆ ಡೌಟ್ ಇದೆ. ಇಸ್ ಲಿಯೇ ನೀ ಬರಲ್ಲ."

"ಡೌಟ್ ನಿನಗೈತಿ, ಅದಕ್ಕ ಟೆಸ್ಟ್ ಬೇಕಾಗೇತಿ."

ನನ್ನ ಹೆಂಡತಿಗೆ ಹಿಂದಿ ಚಲೋ ತಿಳೀತೈತಿ. ಆಕಿ ರೊಟ್ಟಿ ಬುಟ್ಟಿ ಕೆಳಗ ಇಟ್ಟು, "ಅಲ್ರೀ, ಇಲ್ಲದ ಮಷೀನಿನ ಸಲುವಾಗಿ ಯಾಕ ಬಡದಾಡ್ತಾರ ಇವರು? ನಮ್ಮ ಹೆಸರುಬಲ ಎಷ್ಟೋ ಪಾಡು" ಅಂದ್ಲು. "ನಮ್ಮಿಬ್ಬರದೂ ಕೂಡಿರಲಿಲ್ಲ. ನಿಮ್ಮವ್ವ ಏನು ಮಾಡಿದ್ಲು? ಮದುವ್ಯಾಗ ನನ್ನ ಹೆಸರ ಬದಲಿ ಮಾಡಿದ್ಲು. ಕೂಡ್ತು. ಫೇಲ್ ಆದಾಕಿ ನಾ, ಇಪ್ಪತ್ತಾರು ವರ್ಷ ಆತು, ನಿಮಗ ಅನ್ನ ಹಾಕಾಕತ್ತೇನಿ."

ಯಾರೂ ನಗಲಿಲ್ಲ. ಆದ್ರ ಆ ಮಾತು ನನಗ ನಟ್ಟಿತು. ನಮ್ಮ ಹೆಸರುಬಲದ ಪರೀಕ್ಷಾಕ್ಕ ಒಂದು ಕಿಂಡಿ ಇತ್ತು. ಮನಸಿಗೆ ಬಂದವರು ಆ ಕಿಂಡಿಯೊಳಗ ತೂರಿ ಒಳಗ ಬರ್ತಿದ್ರು, ಹಿರೇರು ನೋಡಿಯೂ ನೋಡದಂಗ ಇರ್ತಿದ್ರು. ಮೇಡಂರ ಮಷೀನಿಗೆ ಕಿಂಡಿ ಇಲ್ಲ. ಹಂತಾದ್ದನ್ನ ತಂದು ಊಟದ ನಡಕ ಇಟ್ಟಾವ ನಾ.

ಇನ್ನೊಂದೂ ಆವಾಗ ತಿಳೀತು. ಕ್ಲಾಸಿನ್ಯಾಗ ನಾವು, ಬ್ಯಾಡಾದವರು ಹೋಗದಿದ್ರ ಆತು ಅಂದಿದ್ವಿ. ಹಂಗ ಆಗೂದಿಲ್ಲ. ಹೋಗೂ ಮಂದಿ ಇದ್ದಮ್ಯಾಲೆ, ಹೋಗದಾವ ಏನೋ ಮುಚ್ಚಿಡಾಕತ್ತಾನ ಅಂತ ಆಗತೈತಿ. ಮಷೀನಿಗೆ ಇಬ್ಬರದೂ ರಕ್ತ ಬೇಕು, ಒಬ್ಬರು ಒಲ್ಲೆ ಅಂದ್ರ ಇಬ್ಬರಿಗೂ ಚೀಟಿ ಇಲ್ಲ. ಹೋಗದಿರೂದೂ ಒಂದು ಚೀಟಿನ.

ಹುಡುಗ ಕೈ ತೊಳಕೊಂಡು, ನನಗ ನಮಸ್ಕಾರ ಮಾಡಿ ಹೋದ. ಮಜ್ಜಿಗಿ ಹಂಗ ಉಳೀತು.

ಮೂರು ವಾರ ಬಿಟ್ಟು ಮಧ್ಯಾಹ್ನ ಅವ ಫೋರ್ಟಿಗೆ ಬಂದ, ನನ್ನ ಹುಡುಕ್ಕೋತ. ನಮ್ಮ ಆಫೀಸಿನ ಕೆಳಗಿನ ಉಡುಪಿ ಹೋಟೆಲಿನ್ಯಾಗ ಕುಂತ್ವಿ. ಅವ ಇಡ್ಲಿ ಮುಟ್ಟಲಿಲ್ಲ.

"ಕಾಕಾ, ನಾ ಆಕಿಗೆ ಹೇಳಿದೆ. 'ಆತು, ಮಷೀನು ಇದ್ರ ಬರ್ತೇನಿ, ನಿನ್ನ ಜೋಡಿ ಕುಂಡ್ರತೇನಿ' ಅಂತ."

"ಚಲೋ ಆತಲ್ಲೋ."

"'ಈಗ ನೀ ನನ್ನ ಸಲುವಾಗಿ ಹಂಗ ಅಂತಿ' ಅಂದ್ಲು ಆಕಿ. 'ಆ ದಿನ ಮೊದಲು ಬಂದದ್ದು ನಿನ್ನ ಖರೇ ಮಾತು' ಅಂದ್ಲು."

"ಮತ್ತ?"

"ಎಂಟು ದಿನ ಬಿಟ್ಟು ಆಕಿನ ಫೋನ್ ಮಾಡಿ, 'ನನಗೂ ಟೆಸ್ಟ್ ಬ್ಯಾಡ, ಬಿಡು' ಅಂದ್ಲು. ಅಷ್ಟೊತ್ತಿಗೆ ನನಗ... ಕಾಕಾ, ಆಕಿ ಹೆದರಿ ಬ್ಯಾಡ ಅನ್ನಾಕತ್ತಾಳ ಅನಿಸ್ತು. ಅದನ್ನ ಬಾಯಿಬಿಟ್ಟು ಅಂದೂ ಬಿಟ್ಟೆ."

ಮುಂಚೆ ಸಿನೆಮಾ ಯಾವುದು ಅಂತ ಜಗಳಾಡ್ತಿದ್ರಂತ, ಸಂಜಿಗೆ ಮರೀತಿದ್ರಂತ. ಈಗ ಸಣ್ಣ ಮಾತು ಬಂದ್ರೂ ಇಬ್ಬರೂ ಸುಮ್ಮನಾಗ್ತಾರ, ಚೀಟಿ ಓದಿದವರಂಗ. "ಇದು ಬರೇ ಕ್ಲಾಸಿನ ಪ್ರಶ್ನಿ ಅಂತ ನೀವ ಆಕಿಗೆ ಹೇಳ್ರಿ. ವಾಪಸ್ ತಗೋರಿ ಅದನ್ನ" ಅಂದ.

ನಾ ಹೆಂಗ ವಾಪಸ್ ತಗೊಳ್ಳಿ? ಮನಿಗೆ ಹೋಗಿ ಹೇಳಿದೆ. ಮಗಳು, "ಮಾಲೂಮ್ ಹೈ ಪಪ್ಪಾ, ಮಷೀನ್ ಇಲ್ಲ ಅಂತ" ಅಂತ ಕಿವಿಗೆ ಇಯರ್‌ಫೋನ್ ಹಾಕ್ಕೊಂಡ್ಲು. ಹೆಂಡತಿ ತನ್ನ ಹಟಾ ಬಿಟ್ಟು, ಮಗಳನ್ನ ಮನ್ಯಾಗ ಕರಿಯೂ ಹೆಸರು ಬಿಟ್ಟು ಆಧಾರ್ ಕಾರ್ಡಿನ ಹೆಸರು ಹಿಡದು ನೋಡಿಸಿ, ಕೂಡಸ್ಕೊಂಡು ಬಂದ್ಲು. "ಬರೋಬರಿ ಕೂಡ್ತವಾ" ಅಂದ್ಲು. ಮಗಳು ತಾಯಿಯನ್ನ ಅಪ್ಪಿಕೊಂಡು, "ಮಮ್ಮಿ, ಅದಲ್ಲ" ಅಂದ್ಲು, ಅಷ್ಟ.

ಮುಂದಿನ ಕ್ಲಾಸಿಗೆ ಮೇಡಂಗೆ ಎಲ್ಲಾ ಹೇಳಿದೆ. ಅವರು ಕಲಿತವರು, ಬಿಡಸೂ ದಾರಿ ಏನರೆ ಗೊತ್ತಿರಬೇಕು ಅನ್ನೂ ಆಸೆ. ಅವರು ಕನ್ನಡಕ ತಗದು ವರಸಿದ್ರು. "ನಾನೂ ಇದನ್ನ ಲಗ್ನ ಆಗೂ ಮಕ್ಕಳ ಮುಂದ ಎಂದೂ ಕೇಳಿಲ್ಲ" ಅಂದ್ರು.

ಹೋದ ವಾರ ಮುಂಜಾನೆ ನಾನೂ ಮಗಳೂ ಮುಲುಂಡ್ ಸ್ಟೇಷನ್ನಿನ್ಯಾಗ ನಿಂತಿದ್ವಿ. ಅವರಿಬ್ಬರೂ ಭೆಟ್ಟಿ ಆಗದ ಎರಡು ತಿಂಗಳು ಆಗಿತ್ತು. ಆಕಿ ಹಳಿ ಕಡೆ ನೋಡ್ಕೋತ ಕೇಳಿದ್ಲು.

"ಪಪ್ಪಾ, ಸಚ್ ಹೇಳು. ನಮಗೆ ಗೊತ್ತಿಲ್ಲದೆ ನಮ್ಮ ಟೆಸ್ಟ್ ಮಾಡಸ್ಲಿಕ್ಕೆ ಆಗ್ತದೆ ಅಂದ್ರೆ, ನೀ ಮಾಡಸ್ತಿದ್ದೆ?"

ಸುಳ್ಳು ಹೇಳಬಹುದಿತ್ತು. ನಾ ಮಾಡಸ್ತಿದ್ದೆ. ನನ್ನ ಮಗಳಲ್ಲ ಆಕಿ? ಮೊದಲ ದಿನಾನ ಓಡಿ ಹೋಗಿ ಮಾಡಸ್ತಿದ್ದೆ.

"ಹೂಂನವಾ" ಅಂದೆ.

"ಔರ್ ಇಲ್ಲ ಅಂತ ಬಂದ್ರೆ? ನನಗೆ ಹೇಳ್ತಿದ್ದೆ?"

ಹೇಳಿದ್ರ ಆಕಿ ಪ್ರೀತಿ ನಾ ಮುರದಂಗ. ಹೇಳದಿದ್ರ ಕಣ್ಣಾರೆ ನೋಡ್ಕೋತ ಆಕಿನ್ನ ಬಾವಿಗೆ ಬಿಟ್ಟಂಗ. ಹೂಂ ಅಂತ ಬಂದಿದ್ರೂ, ಆಕಿ ತಾನ ಆರಿಸ್ಕೊಂಡೆ ಅಂತ ನಗ್ತಿದ್ದಾಗ ನಾ ಹೆಂಗ ಆಕಿ ಮಾರಿ ನೋಡ್ಲಿ? ಆಕಿ ನನ್ನ ಕಡೆ ತಿರುಗಿ ಕಾಯಾಕತ್ತಿದ್ಲು. ಫಾಸ್ಟ್ ಲೋಕಲ್ ಬಂತು. ಮಂದಿ ನುಗ್ಗಿತು. ಆಕಿ ಇನ್ನೂ ಒಂದು ಗಳಿಗಿ ನಿಂತು, ಆಮ್ಯಾಲೆ ಲೇಡೀಸ್ ಡಬ್ಬಿ ಕಡೆ ಓಡಿದ್ಲು.